ಫೋಟಾನ್ ಗ್ಯಾಸ್: ಎಂಟ್ರೊಪಿಯಲ್ಲಿ ಆ 4/3 ಎಲ್ಲಿಂದ ಬಂತು?

ಹೇಮಾವತಿ ದಂಡೆ
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಿಎಸ್ಸಿ ಕೊನೇ ವರ್ಷ ಓದ್ತಿದೀನಿ. ಸೋಮವಾರ ಥರ್ಮಲ್ ಫಿಸಿಕ್ಸ್ ಇಂಟರ್ನಲ್ಸ್. ಒಂದು ಲೆಕ್ಕ ಹಿಡ್ಕೊಂಡು ತಲೆ ಕೆಟ್ಟು ಕೂತಿದೀನಿ.

ಒಂದು ಘನ ಮೀಟರ್ ಪೆಟ್ಟಿಗೆ. ಒಳಗಿನ ಗಾಳಿಯೆಲ್ಲ ತೆಗೆದಿದೆ. ಗೋಡೆಗಳು 1500 ಕೆಲ್ವಿನ್‌ನಲ್ಲಿವೆ, ಹಾಗಾಗಿ ಒಳಗಿರೋದು ಬ್ಲ್ಯಾಕ್ ಬಾಡಿ ವಿಕಿರಣ ಮಾತ್ರ. ಒಂದು ಬದಿಗೆ ಪಿಸ್ಟನ್. ಉಷ್ಣತೆ ಬದಲಾಗದ ಹಾಗೆ ನಿಧಾನಕ್ಕೆ ಎಳೆದು ಗಾತ್ರ ಎರಡರಷ್ಟು ಮಾಡ್ತೀವಿ. ಒತ್ತಡ ಎಷ್ಟಾಗುತ್ತೆ, ಎಷ್ಟು ಶಾಖ ಕೊಡ್ಬೇಕು, ಎಂಟ್ರೊಪಿ ಎಷ್ಟು ಏರುತ್ತೆ?

u = aT⁴, a = 7.566 × 10⁻¹⁶ ಹಾಕಿದ್ರೆ ಮೊದಲಿಗೆ ಪೆಟ್ಟಿಗೆಯಲ್ಲಿ 3.83 ಮಿಲಿಜೌಲ್ ಶಕ್ತಿ. ಇಲ್ಲೀತನಕ ಸರಿ. ಎಂಟ್ರೊಪಿ ಅಂದ್ರೆ ಶಾಖವನ್ನ ಉಷ್ಣತೆಯಿಂದ ಭಾಗಿಸೋದು ತಾನೆ, ಅಂದ್ರೆ U/T ಬರ್ಬೇಕು. ಪುಸ್ತಕದಲ್ಲಿ (4/3)U/T ಅಂತಿದೆ. ಮೇಲಿಂದ, ಗಾತ್ರ ಎರಡರಷ್ಟಾದ್ರೂ ಒತ್ತಡ ಅಷ್ಟೇ ಇರುತ್ತೆ ಅಂತ ಬರೆದಿದೆ. ನನ್ನ ರೂಮ್‌ಮೇಟ್ ಎರಡೂ ಅಚ್ಚಿನ ತಪ್ಪು ಅಂತಾಳೆ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಕಟ್ಟಾಯ ಕಾಳಿ
ಅಚ್ಚಿನ ತಪ್ಪಲ್ಲ. ರೂಮ್‌ಮೇಟ್‌ಗೆ ಹೇಳಿ.

ಬೈಪಾಸ್ ರೋಡ್
ಒತ್ತಡ ಅರ್ಧ ಆಗಲೇಬೇಕು ಕಣ್ರೀ. PV = NkT ಎಲ್ಲಾ ಗ್ಯಾಸಿಗೂ ಒಂದೇ. ಪೆಟ್ಟಿಗೆ ದೊಡ್ಡದಾದ್ರೆ ಅಷ್ಟೇ ಫೋಟಾನ್ ಎರಡು ಪಟ್ಟು ಜಾಗದಲ್ಲಿ ಓಡಾಡ್ತವೆ, ಗೋಡೆಗೆ ಬಡಿಯೋದು ಕಮ್ಮಿ ಆಗುತ್ತೆ. ಗ್ಯಾಸ್ ಅಂತ ಹೆಸರಿಟ್ಟ ಮೇಲೆ ಗ್ಯಾಸಿನ ನಿಯಮ ಬೇಡ್ವಾ?

ನಿವೃತ್ತ ಮೇಷ್ಟ್ರು, ಚನ್ನರಾಯಪಟ್ಟಣ
ಬೈಪಾಸ್ ರೋಡ್ ಅವರೇ, ನಿಮ್ಮ ವಾದದಲ್ಲಿ "ಅಷ್ಟೇ ಫೋಟಾನ್" ಅನ್ನೋ ಎರಡು ಪದವೇ ಮುಖ್ಯ ತಪ್ಪು. ಗಾಳಿಯ ಕಣಗಳನ್ನು ಪೆಟ್ಟಿಗೆಯ ಗೋಡೆ ಹುಟ್ಟಿಸೋದಿಲ್ಲ, ಫೋಟಾನ್‌ಗಳನ್ನು ಹುಟ್ಟಿಸುತ್ತೆ, ನುಂಗುತ್ತೆ ಕೂಡ. ಪಿಸ್ಟನ್ ಹಿಂದೆ ಸರಿದಂತೆ ಬಿಸಿ ಗೋಡೆ ಇನ್ನಷ್ಟು ಬೆಳಕನ್ನು ಕಕ್ಕಿ ಹೊಸ ಜಾಗವನ್ನು ಮೊದಲಿನ ಸಾಂದ್ರತೆಗೇ ತುಂಬಿಬಿಡುತ್ತೆ. 1500 ಕೆಲ್ವಿನ್‌ನಲ್ಲಿ ಒಂದು ಘನ ಮೀಟರಿಗೆ ಸುಮಾರು 6.8 × 10¹⁶ ಫೋಟಾನ್. ಗಾತ್ರ ಎರಡರಷ್ಟಾದಾಗ ಇದೂ ಎರಡರಷ್ಟಾಗುತ್ತೆ. N ಅನ್ನೋದು ನಾವು ಹೊರಗಿನಿಂದ ಹಾಕಿ ಮುಚ್ಚಿದ ಸಂಖ್ಯೆ ಅಲ್ಲ, T ಮತ್ತು V ಸೇರಿ ನಿರ್ಧಾರ ಮಾಡುವ ಸಂಖ್ಯೆ. ಅದಕ್ಕೇ ಒತ್ತಡ ಉಷ್ಣತೆಯೊಂದನ್ನೇ ನೋಡುತ್ತೆ: P = aT⁴/3. ಈ ಲೆಕ್ಕದಲ್ಲಿ 1.28 ಮಿಲಿಪಾಸ್ಕಲ್. ಮೊದಲೂ ಅಷ್ಟೇ, ಆಮೇಲೂ ಅಷ್ಟೇ.

ಇನ್ನು ಆ 4/3 ವಿಚಾರ. ಮಗೂ, ನೀನು ಶಾಖ ಭಾಗಿಸು ಉಷ್ಣತೆ ಅಂದೆಯಲ್ಲ, ಅದು ಸರಿ. ಆದರೆ ಶಾಖದ ಜಾಗದಲ್ಲಿ U ಹಾಕಿದೆ. ಪಿಸ್ಟನ್ ಸರಿಯುವಾಗ ಒಳಗಿನ ವಿಕಿರಣ ಪಿಸ್ಟನ್ನನ್ನು ತಳ್ಳುತ್ತೆ, ಕೆಲಸ ಮಾಡುತ್ತೆ. ಗೋಡೆ ಕೊಟ್ಟ ಶಾಖ ಎರಡು ಕಡೆ ಹೋಗಬೇಕು: ಹೊಸ ಜಾಗ ತುಂಬೋಕೆ 3.83 ಮಿಲಿಜೌಲ್, ಪಿಸ್ಟನ್ ತಳ್ಳೋಕೆ 1.28 ಮಿಲಿಜೌಲ್. ಒಟ್ಟು 5.11. ಇದನ್ನ 1500ರಿಂದ ಭಾಗಿಸು, 3.4 ಮೈಕ್ರೊಜೌಲ್ ಪ್ರತಿ ಕೆಲ್ವಿನ್ ಬರುತ್ತೆ. ಎಂಟ್ರೊಪಿ ಏರಿದ್ದು ಅಷ್ಟು. ಆ ಹೆಚ್ಚುವರಿ ಮೂರನೇ ಒಂದು ಭಾಗ ಪಿಸ್ಟನ್ನಿನ ಕೂಲಿ.

ಹೇಮಾವತಿ ದಂಡೆ
ಸಾರ್, ತುಂಬಾ ಥ್ಯಾಂಕ್ಸ್. ಇದು ಹಿಗ್ಗಿಸುವಾಗಿನ ಎಂಟ್ರೊಪಿ. ಪಿಸ್ಟನ್ನೇ ಇಲ್ಲದ ಪೆಟ್ಟಿಗೆ ಇದ್ರೆ? ಸೊನ್ನೆ ಉಷ್ಣತೆಯಿಂದ 1500ಕ್ಕೆ ಸುಮ್ನೆ ಕಾಯಿಸಿದ್ರೆ ಕೆಲಸವೇ ಇಲ್ಲ. ಆಗ U/T ಆಗ್ಬೇಕಲ್ವಾ?

ನಿವೃತ್ತ ಮೇಷ್ಟ್ರು, ಚನ್ನರಾಯಪಟ್ಟಣ
ಒಳ್ಳೇ ಪ್ರಶ್ನೆ. ಆಗ ಕೊಟ್ಟ ಶಾಖವೆಲ್ಲ U ಆಗುತ್ತೆ, ನಿಜ. ಆದರೆ ಎಲ್ಲ ಶಾಖವನ್ನೂ 1500ರಲ್ಲೇ ಕೊಡಲಿಲ್ಲವಲ್ಲ. 700ರಲ್ಲಿ ಕೊಟ್ಟ ಜೌಲನ್ನು 700ರಿಂದಲೇ ಭಾಗಿಸಬೇಕು, ಅದರಿಂದ ಬರುವ ಎಂಟ್ರೊಪಿ ಜಾಸ್ತಿ. dU = 4aT³V dT, ಅದನ್ನ T ಯಿಂದ ಭಾಗಿಸಿ 0ಯಿಂದ T ವರೆಗೆ ಕೂಡಿದರೆ (4/3)aT³V. ಮತ್ತೆ ಅದೇ. ಎರಡು ಬೇರೆ ದಾರಿ, ಒಂದೇ ಊರು. ಬರಲೇಬೇಕು, ಇಲ್ಲದಿದ್ದರೆ ಎಂಟ್ರೊಪಿ ಅನ್ನೋದು ಸ್ಥಿತಿಯ ಗುಣವೇ ಆಗುತ್ತಿರಲಿಲ್ಲ.

ಬೋಲ್ಟ್ಸ್‌ಮನ್ 1884ರಲ್ಲಿ ಇದನ್ನೇ ತಿರುಗಿಸಿ ಹಿಡಿದರು. ಎರಡು ದಾರಿಯೂ ಒಂದೇ ಉತ್ತರ ಕೊಡಬೇಕು, ಒತ್ತಡ u/3 ಇರಬೇಕು ಅಂತ ಹಟ ಹಿಡಿದರೆ u ಗೆ T⁴ ಬಿಟ್ಟು ಬೇರೆ ದಾರಿಯೇ ಇಲ್ಲ. ಸ್ಟೆಫಾನ್ 1879ರಲ್ಲಿ ಪ್ರಯೋಗದ ಅಂಕಿಗಳಿಂದ ಊಹಿಸಿದ ನಿಯಮಕ್ಕೆ ಹಾಗೆ ಬುಡ ಸಿಕ್ಕಿತು. ಆಗಿನ್ನೂ ಫೋಟಾನ್ ಅನ್ನೋ ಕಲ್ಪನೆಯೇ ಇರಲಿಲ್ಲ. a ಎಷ್ಟು ಅಂತ ಮಾತ್ರ ಆ ದಾರಿಯಲ್ಲಿ ಸಿಗಲ್ಲ, ಅದಕ್ಕೆ ಪ್ಲಾಂಕ್ ಬರಬೇಕಾಯ್ತು.

ಸಾಲಗಾಮೆ ಸ್ಯಾಟಲೈಟ್
ಮೇಷ್ಟ್ರೇ, ಕ್ಷಮಿಸಿ, ಆ u/3 ನನಗೆ ಒಪ್ಪಿಗೆಯಾಗಲ್ಲ. ನಮ್ಮ ಮಾವ ಎಂಸಿಎಫ್‌ನಲ್ಲಿ ಇದ್ದವರು. ಬಿಸಿಲಿನ ಒತ್ತಡ ಉಪಗ್ರಹಗಳನ್ನ ಮೆಲ್ಲಗೆ ತಳ್ಳುತ್ತೆ, ಅದನ್ನ ಆಗಾಗ ಸರಿ ಮಾಡ್ತಿರಬೇಕು ಅಂತ ಊಟಕ್ಕೆ ಕೂತಾಗೆಲ್ಲ ಹೇಳೋರು. ಅಲ್ಲಿ ಲೆಕ್ಕ ಸರಳ: ಭೂಮಿ ಹತ್ತಿರ ಚದರ ಮೀಟರಿಗೆ 1361 ವ್ಯಾಟ್, ಬೆಳಕಿನ ವೇಗದಿಂದ ಭಾಗಿಸಿದ್ರೆ 4.5 ಮೈಕ್ರೊಪಾಸ್ಕಲ್. ಅದೇ ಬಿಸಿಲಿನ ಶಕ್ತಿ ಸಾಂದ್ರತೆ ಕೂಡ. ಅಂದ್ರೆ P = u. ಮೂರರಿಂದ ಭಾಗಿಸೋದು ಎಲ್ಲಿಂದ ಬಂತು?

ಮೂಡಿಗೆರೆ ಮೋಡ
ನಿಮ್ಮ ಮಾವ ಹೇಳಿದ್ದೂ ಸರಿ, ಮೇಷ್ಟ್ರು ಹೇಳಿದ್ದೂ ಸರಿ. ಬಿಸಿಲು ಒಂದೇ ದಿಕ್ಕಿನಿಂದ ಬರುತ್ತೆ, ಪ್ಯಾನೆಲ್‌ಗೆ ನೇರ ಬಡಿದು ಹೀರಿಕೆಯಾದ್ರೆ P = u. ಪೆಟ್ಟಿಗೆಯೊಳಗಿನ ಫೋಟಾನ್‌ಗಳು ಎಲ್ಲಾ ದಿಕ್ಕಿಗೂ ಓಡ್ತಿರ್ತವೆ. ಓರೆಯಾಗಿ ಬರುವ ಫೋಟಾನ್ ಎರಡು ಸಲ ಸೋಲುತ್ತೆ: ಗೋಡೆಗೆ ತಾಗೋ ಸಂಖ್ಯೆ cosθ ನಷ್ಟು ಕಮ್ಮಿ, ತಾಗಿದಾಗ ಗೋಡೆಗೆ ಲಂಬವಾಗಿ ಕೊಡೋ ತಳ್ಳುವಿಕೆಯೂ cosθ ನಷ್ಟು ಕಮ್ಮಿ. cos²θ ಅನ್ನ ಎಲ್ಲಾ ದಿಕ್ಕಿಗೂ ಸರಾಸರಿ ಮಾಡಿದ್ರೆ 1/3.

ಇದಕ್ಕೂ ಮೊದಲ ಪ್ರಶ್ನೆಗೂ ಸಂಬಂಧ ಇದೆ. ಬೆಳಕು ಒಂದೇ ಗೆರೆಯ ಮೇಲೆ ಹಿಂದೆ ಮುಂದೆ ಓಡುವ ಜಗತ್ತಿದ್ರೆ P = u, ಪಿಸ್ಟನ್ನಿನ ಕೂಲಿ U ನಷ್ಟೇ, ಎಂಟ್ರೊಪಿ 2U/T. ಆ ಜಗತ್ತಲ್ಲಿ ಶಕ್ತಿ T² ಪ್ರಕಾರ ಏರುತ್ತೆ. ನಮ್ಮ T⁴ ಬಂದಿರೋದೇ ನಮಗೆ ಮೂರು ದಿಕ್ಕು ಇರೋದ್ರಿಂದ.

ಸಾಲಗಾಮೆ ಸ್ಯಾಟಲೈಟ್
ಸರಿ ಮೇಡಂ. ಆದ್ರೆ ಬಿಸಿಲೂ ಬ್ಲ್ಯಾಕ್ ಬಾಡಿಯಿಂದಲೇ ಬಂದಿದ್ದಲ್ವಾ ಅನ್ನೋದು ನನ್ನ ತಕರಾರು.

ಮೂಡಿಗೆರೆ ಮೋಡ
ಬಣ್ಣ ಸೂರ್ಯನ ಮೇಲ್ಮೈಯದ್ದು, ಸುಮಾರು 5770 ಕೆಲ್ವಿನ್. ಸಾಂದ್ರತೆ ಆ ಉಷ್ಣತೆಯದ್ದಲ್ಲ, ಇಲ್ಲಿಗೆ ಬರೋಷ್ಟರಲ್ಲಿ ತೆಳುವಾಗಿ ಹರಡಿಹೋಗಿರುತ್ತೆ. ದಿಕ್ಕೂ ಒಂದೇ. ಅದು ಸಮತೋಲನದ ಫೋಟಾನ್ ಗ್ಯಾಸ್ ಅಲ್ಲ.

ಅರಸೀಕೆರೆ ಬೇಕರಿ
ನಿಮ್ಮ ಗ್ರೀಕ್ ಅಕ್ಷರ ನಂಗೆ ಗೊತ್ತಿಲ್ಲ. ನಮ್ದು ತಾತನ ಕಾಲದ ಬೇಕರಿ, ಇಟ್ಟಿಗೆ ಭಟ್ಟಿ, ಸೌದೆ ಉರಿ. ಭಟ್ಟಿ ಚೆನ್ನಾಗಿ ಕಾದ ಮೇಲೆ ಕೆಂಡ ಎಳೆದುಹಾಕಿ ಬ್ರೆಡ್ ಇಡ್ತೀವಿ. ಕಬ್ಬಿಣದ ಬಾಗಿಲು ಎಷ್ಟು ಬಿಗಿಯಾಗಿ ಕೂರುತ್ತೆ ಅಂದ್ರೆ ಕೊಂಡಿ ಹಾಕಿ ಎಳೀಬೇಕು. ತೆಗೆದ ತಕ್ಷಣ ಮುಖಕ್ಕೆ ಯಾರೋ ತಳ್ಳಿದ ಹಾಗೆ ಆಗುತ್ತೆ. ಇದೇನಾ ನೀವು ಹೇಳ್ತಿರೋ ಬೆಳಕಿನ ಒತ್ತಡ?

ಕಟ್ಟಾಯ ಕಾಳಿ
ಯಜಮಾನ್ರೇ, ಹನಿ ಕೇಕ್ ಇದ್ಯಾ?

ಅರಸೀಕೆರೆ ಬೇಕರಿ
ಸಂಜೆ ನಾಲ್ಕರ ಮೇಲೆ ಬನ್ನಿ.

ನಿವೃತ್ತ ಮೇಷ್ಟ್ರು, ಚನ್ನರಾಯಪಟ್ಟಣ
ಬೇಕರಿಯವರೇ, ಲೆಕ್ಕ ಹಾಕೇಬಿಡೋಣ. ಭಟ್ಟಿ ಒಳಗೆ 300 ಡಿಗ್ರಿ ಸೆಲ್ಸಿಯಸ್ ಅನ್ನಿ, ಅಂದರೆ 573 ಕೆಲ್ವಿನ್. ವಿಕಿರಣದ ಒತ್ತಡ ಸುಮಾರು 27 ಮೈಕ್ರೊಪಾಸ್ಕಲ್. ಬಾಗಿಲು ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಇದ್ದರೆ ಅದರ ಮೇಲೆ ಬೀಳುವ ತಳ್ಳುವಿಕೆ ಒಂದು ಮಿಲಿಗ್ರಾಂ ತೂಕಕ್ಕಿಂತ ಕಮ್ಮಿ. ಕಬ್ಬಿಣ ಕಾದು ಹಿಗ್ಗಿ ಚೌಕಟ್ಟಿಗೆ ಕಚ್ಚಿಕೊಳ್ಳೋದು, ಬಿಸಿ ಗಾಳಿ ಹೊರಗೆ ನುಗ್ಗೋದು, ನಿಮ್ಮ ಅನುಭವಕ್ಕೆ ಕಾರಣ ಇವೆರಡು.

ಆದರೆ ಮುಖ ಸುಡೋದು ಬೆಳಕಿಂದಲೇ, ಬಹುಪಾಲು ಕಣ್ಣಿಗೆ ಕಾಣದ ಬೆಳಕಿಂದ. ಭಟ್ಟಿಯೊಳಗೆ ಒಂದು ಘನ ಮೀಟರಿಗೆ ಇರುವ ವಿಕಿರಣ ಶಕ್ತಿ ಬರೀ 82 ಮೈಕ್ರೊಜೌಲ್, ಏನೂ ಅಲ್ಲ. ಆದರೆ ಅದು ಬೆಳಕಿನ ವೇಗದಲ್ಲಿ ಓಡುತ್ತೆ. ಸಾಂದ್ರತೆಯನ್ನು c/4 ರಿಂದ ಗುಣಿಸಿದರೆ ಚದರ ಮೀಟರಿಗೆ 6 ಕಿಲೊವ್ಯಾಟ್. ನಿಮ್ಮ ಬ್ರೆಡ್ಡಿನ ಮೇಲ್ಭಾಗ ಕೆಂಪಾಗೋದರಲ್ಲಿ ಇದರ ಪಾಲು ದೊಡ್ಡದು. 200 ಡಿಗ್ರಿಯಿಂದ 300ಕ್ಕೆ ಹೋದರೆ ಈ ಹರಿವು ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ.

ಅರಸೀಕೆರೆ ಬೇಕರಿ
ಅದಕ್ಕೇ ಭಟ್ಟಿ ಸ್ವಲ್ಪ ಜಾಸ್ತಿ ಕಾದ ದಿನ ಒಳಗೆ ಹಸಿ, ಮೇಲೆ ಕರಿ. ಮಗನಿಗೆ ಹೇಳ್ತೀನಿ, ಅವನು ಯಾವಾಗ್ಲೂ ಹಿಟ್ಟಿಗೆ ಬೈತಾನೆ.

ಬೈಪಾಸ್ ರೋಡ್
ಮೇಷ್ಟ್ರ ಮಾತಿಗೆ ಬರೋಣ. ಗೋಡೆ ಫೋಟಾನ್ ಹುಟ್ಟಿಸುತ್ತೆ ಅಂದ್ರಿ, ಒಪ್ಕೊಳ್ಳೋಣ. ಗೋಡೆ ಪಕ್ಕಾ ಕನ್ನಡಿ ಆಗಿದ್ರೆ? ಹುಟ್ಟಿಸೋದೂ ಇಲ್ಲ, ನುಂಗೋದೂ ಇಲ್ಲ. ಆಗ ನನ್ನ PV = NkT ಗೆಲ್ಲುತ್ತೆ.

ಮೂಡಿಗೆರೆ ಮೋಡ
ಗೆಲ್ಲಲ್ಲ, ಆದ್ರೆ ಪ್ರಶ್ನೆ ಚೆನ್ನಾಗಿದೆ. ಮೊದಲು ಆ ಸೂತ್ರ. ಸಮತೋಲನದ ಫೋಟಾನ್ ಗ್ಯಾಸಿಗೆ PV ಸುಮಾರು 0.9 NkT ಬರುತ್ತೆ. ಹತ್ತಿರ ಇದೆ, ಒಂದೇ ಅಲ್ಲ.

ಈಗ ಕನ್ನಡಿ ಪೆಟ್ಟಿಗೆ. ಒಳಗೆ 1500 ಕೆಲ್ವಿನ್ ವಿಕಿರಣ ತುಂಬಿ ಮುಚ್ಚಿದ್ದೀರಿ. ಗಾತ್ರ ಎರಡರಷ್ಟು ಮಾಡೋಕೆ ಎರಡು ದಾರಿ.

ನಿಧಾನದ ದಾರಿ: ಪಿಸ್ಟನ್ ಮೆಲ್ಲಗೆ ಹಿಂದೆ ಹೋಗುತ್ತೆ, ಬೆಳಕು ಅದನ್ನ ತಳ್ಳಿ ಶಕ್ತಿ ಕಳ್ಕೊಳ್ಳುತ್ತೆ. ಸರಿಯೋ ಕನ್ನಡಿಗೆ ಬಡಿದ ಫೋಟಾನ್ ವಾಪಸ್ ಬರುವಾಗ ಅದರ ತರಂಗಾಂತರ ಸ್ವಲ್ಪ ಉದ್ದ ಆಗಿರುತ್ತೆ. ಶಾಖ ಒಳಗೆ ಬಂದಿಲ್ಲ, ಎಂಟ್ರೊಪಿ ಬದಲಾಗಲ್ಲ, ಅಂದ್ರೆ VT³ ಹಾಗೇ ಉಳೀಬೇಕು. 1500 ಹೋಗಿ 1191 ಕೆಲ್ವಿನ್ ಆಗುತ್ತೆ. ಫೋಟಾನ್ ಸಂಖ್ಯೆ ಅಷ್ಟೇ. ಒತ್ತಡ ಅರ್ಧಕ್ಕಿಂತಲೂ ಕೆಳಗೆ, ಮೊದಲಿನ ಶೇ. 40 ಮಾತ್ರ.

ದಿಢೀರ್ ದಾರಿ: ಪಕ್ಕದಲ್ಲಿ ಅಷ್ಟೇ ದೊಡ್ಡ ಖಾಲಿ ಕನ್ನಡಿ ಕೋಣೆ, ನಡುವಿನ ತಡಿಕೆ ಎಳೆದುಬಿಡಿ. ಬೆಳಕು ಏನನ್ನೂ ತಳ್ಳಲಿಲ್ಲ, ಒಟ್ಟು ಶಕ್ತಿ 3.83 ಮಿಲಿಜೌಲ್ ಹಾಗೇ ಇದೆ. ಬೈಪಾಸ್ ರೋಡ್ ಅವರೇ, ಇಲ್ಲಿ ಮಾತ್ರ ನೀವು ಹೇಳಿದಂತೆ ಒತ್ತಡ ಅರ್ಧ ಆಗುತ್ತೆ. ಆದ್ರೆ ಅದರ ಉಷ್ಣತೆ ಎಷ್ಟು ಅಂತ ಕೇಳಿದ್ರೆ ಉತ್ತರ ಇಲ್ಲ. ಒಳಗಿನ ಬೆಳಕಿನ ಬಣ್ಣ ನೋಡಿ ಅಳೆದ್ರೆ ಇನ್ನೂ 1500 ಅನ್ನುತ್ತೆ, ಯಾವ ಫೋಟಾನೂ ಬದಲಾಗಿಲ್ಲ. ಒಟ್ಟು ಶಕ್ತಿಯಿಂದ ಲೆಕ್ಕ ಹಾಕಿದ್ರೆ 1261. ಎರಡು ಥರ್ಮಾಮೀಟರ್ ಎರಡು ಮಾತಾಡಿದ್ರೆ ಅದು ಸಮತೋಲನದಲ್ಲಿಲ್ಲ ಅಂತ ಅರ್ಥ. ಫೋಟಾನ್‌ಗಳು ಒಂದಕ್ಕೊಂದು ಗುದ್ದಾಡಿ ಸರಿ ಮಾಡ್ಕೊಳ್ಳೋದೂ ಇಲ್ಲ, ಅವು ತಮ್ಮತಮ್ಮೊಳಗೆ ಮಾತಾಡೋದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ಅಲ್ಲಿಗೆ ಪ್ಲಾಂಕ್‌ರ ಇದ್ದಿಲ ಚೂರು ಬರುತ್ತೆ. ಒಂದು ಸಣ್ಣ ಮಸಿ ಕಣ ಒಳಗೆ ಹಾಕಿ. ಅದು ನೀಲಿ ಕಡೆಯ ಫೋಟಾನ್ ನುಂಗಿ ಕೆಂಪು ಕಡೆಯವನ್ನ ಹೆಚ್ಚು ಉಗುಳುತ್ತೆ. ಕೊನೆಗೆ 1261 ಕೆಲ್ವಿನ್ ಬ್ಲ್ಯಾಕ್ ಬಾಡಿ ವಿಕಿರಣ. ಶಕ್ತಿ ಅಷ್ಟೇ, ಫೋಟಾನ್‌ಗಳ ಸಂಖ್ಯೆ ಶೇ. 19 ಜಾಸ್ತಿ, ಎಂಟ್ರೊಪಿಯೂ ಮೊದಲಿನ ಸಮತೋಲನಕ್ಕಿಂತ ಶೇ. 19 ಜಾಸ್ತಿ. ಎರಡೂ T³V ಪ್ರಕಾರವೇ ಹೋಗೋದ್ರಿಂದ ಜೊತೆಯಾಗೇ ಏರ್ತವೆ.

ಕಾಫಿ ಗಿಡದ ಕೆಳಗೆ
ಚಿಕ್ಕಮಗಳೂರಿಂದ ಸುಮ್ನೆ ಓದ್ತಾ ಇದ್ದೆ. ಇಲ್ಲಿ ಮಳೆ, ಕರೆಂಟ್ ಇಲ್ಲ, ಫೋನಲ್ಲಿ ಬರೀತಿದೀನಿ. ಆ ನಿಧಾನದ ದಾರಿಯೇ ಅಲ್ವಾ ವಿಶ್ವದ ಕಥೆ? ಹಳೇ ವಿಕಿರಣ ಸುಮಾರು 3000 ಕೆಲ್ವಿನ್ ಇದ್ದದ್ದು ಹಿಗ್ಗಿ ಹಿಗ್ಗಿ ಈಗ 2.725 ಕೆಲ್ವಿನ್, ಒಂದು ಘನ ಸೆಂಟಿಮೀಟರಿಗೆ 411 ಫೋಟಾನ್. ಹಾಗಿದ್ರೆ ಅಲ್ಲಿ ಪಿಸ್ಟನ್ ಯಾರು? ಕಳೆದುಹೋದ ಶಕ್ತಿ ಯಾರ ಜೇಬಿಗೆ ಹೋಯ್ತು?

ಕಟ್ಟಾಯ ಕಾಳಿ
ದೇವರ ಜೇಬಿಗೆ.

ನಿವೃತ್ತ ಮೇಷ್ಟ್ರು, ಚನ್ನರಾಯಪಟ್ಟಣ
VT³ ಅಲ್ಲೂ ನಡೆಯುತ್ತೆ. ಪಿಸ್ಟನ್ ಇಲ್ಲ. ಹಿಗ್ಗುವ ವಿಶ್ವದಲ್ಲಿ ಒಟ್ಟು ಶಕ್ತಿಯನ್ನು ಕೂಡಿಸಿ ಇಡುವ ಖಾತೆಯೇ ಇಲ್ಲ ಅಂತ ಕೆಲವರು, ಗುರುತ್ವದ ಕಡೆಗೆ ಬರೆಯಬಹುದು ಅಂತ ಇನ್ನು ಕೆಲವರು. ಇದಕ್ಕೆ ಬೇರೆ ಚರ್ಚೆ ತೆಗೆಯಿರಿ, ಇಲ್ಲಿ ಆ ಹುಡುಗಿಗೆ ಸೋಮವಾರ ಪರೀಕ್ಷೆ.

ಸಾಲಗಾಮೆ ಸ್ಯಾಟಲೈಟ್
ಮೂಡಿಗೆರೆ ಮೇಡಂ, ಮಸಿ ಕಣ ಅಂದ್ರಲ್ಲ, ಎಷ್ಟು ಸಣ್ಣದು? ಕಣವೇ ಶಾಖ ಹೀರ್ಕೊಂಡು ಕೂತ್ರೆ ನಿಮ್ಮ 1261 ಎಲ್ಲಿ ಬರುತ್ತೆ?

ಮೂಡಿಗೆರೆ ಮೋಡ
ಸರಿಯಾದ ಜಾಗಕ್ಕೆ ಕೈ ಹಾಕಿದ್ರಿ. ಪುಸ್ತಕದಲ್ಲಿ "ಚಿಕ್ಕ ಕಣ" ಅಂತ ಹೇಳಿ ಮುಂದೆ ಹೋಗ್ತಾರೆ. ಒಂದು ಘನ ಮೀಟರ್ ವಿಕಿರಣದ ಶಾಖ ಧಾರಕತೆ 1500 ಕೆಲ್ವಿನ್‌ನಲ್ಲಿ 4U/T, ಅಂದ್ರೆ ಕೆಲ್ವಿನ್‌ಗೆ 10 ಮೈಕ್ರೊಜೌಲ್. ಆ ಉಷ್ಣತೆಯಲ್ಲಿ ಇದ್ದಿಲಿಗೆ ಗ್ರಾಂಗೆ ಸುಮಾರು 2 ಜೌಲ್. ಅಂದ್ರೆ 5 ಮೈಕ್ರೊಗ್ರಾಂ ಮಸಿ ಇಡೀ ಪೆಟ್ಟಿಗೆಯ ಬೆಳಕಿಗೆ ಸಮ! ತಣ್ಣಗಿನ ಕಣ ಅಷ್ಟು ದೊಡ್ಡದಾದ್ರೆ ಅದೇ ಎಲ್ಲಾ ಶಕ್ತಿ ನುಂಗಿಬಿಡುತ್ತೆ. ಮೈಕ್ರೊಗ್ರಾಂನ ಹತ್ತನೇ ಒಂದು ಭಾಗ ಇದ್ರೆ, ಅದೂ ಮೊದಲೇ 1261ರ ಆಸುಪಾಸು ಕಾಯಿಸಿ ಹಾಕಿದ್ರೆ, ಲೆಕ್ಕ ಕೆಡಲ್ಲ.

ಈ ಪೆಟ್ಟಿಗೆಯನ್ನ ಯಾರೂ ಪ್ರಯೋಗಶಾಲೆಯಲ್ಲಿ ಕಟ್ಟದೇ ಇರೋದಕ್ಕೂ ಇದೇ ಕಾರಣ. ನಿಜವಾದ ಕನ್ನಡಿ ಪ್ರತಿ ಬಡಿತದಲ್ಲೂ ಶೇಕಡಾ ಒಂದೋ ಎರಡೋ ನುಂಗುತ್ತೆ. ಒಂದು ಮೀಟರ್ ಪೆಟ್ಟಿಗೆಯಲ್ಲಿ ಬೆಳಕು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಬಡಿಯುತ್ತೆ. ಪಿಸ್ಟನ್‌ನ ನೀವು "ನಿಧಾನಕ್ಕೆ" ಎಳೆಯೋಷ್ಟರಲ್ಲಿ ಒಳಗಿನ ಬೆಳಕು ಗೋಡೆಯ ಪಾಲಾಗಿ ಯಾವ ಕಾಲ ಆಯ್ತೋ.

ಹೇಮಾವತಿ ದಂಡೆ
ಈಗ ಪೂರ್ತಿ ಚಿತ್ರ ಸಿಕ್ತು. ಮೂರು ಥರ ಹಿಗ್ಗಿಸೋದಕ್ಕೂ ಮೂರು ಬೇರೆ ಉತ್ತರ: ಶಾಖ ಕೊಟ್ರೆ 1500, ದಿಢೀರ್ ಅಂದ್ರೆ 1261, ಶಾಖ ಕೊಡದೆ ನಿಧಾನಕ್ಕಾದ್ರೆ 1191. ಇನ್ನೊಂದು ಸಣ್ಣದು ಕೇಳ್ಲಾ? ಹಿಂದಿನ ವರ್ಷದ ಪೇಪರಲ್ಲಿ "ಫೋಟಾನ್ ಗ್ಯಾಸಿನ Cp ಕಂಡುಹಿಡಿಯಿರಿ" ಅಂತಿದೆ. PV^(4/3) ಸ್ಥಿರ ಅಂದ್ರೆ ಗಾಮಾ 4/3, Cv ಗೊತ್ತು, ಗುಣಿಸಿದ್ರೆ ಆಯ್ತಾ?

ಬೈಪಾಸ್ ರೋಡ್
ಆಯ್ತು, ಅಷ್ಟೇ.

ನಿವೃತ್ತ ಮೇಷ್ಟ್ರು, ಚನ್ನರಾಯಪಟ್ಟಣ
ಅಯ್ಯೋ, ಹಾಗೆ ಬರೆದೀಯೆ ಮತ್ತೆ! ಒತ್ತಡ ಸ್ಥಿರ ಅಂದರೆ ಉಷ್ಣತೆಯೂ ಸ್ಥಿರ, ಯಾಕಂದರೆ P ನೋಡೋದು T ಒಂದನ್ನೇ. ಒತ್ತಡ ಹಿಡಿದಿಟ್ಟು ಎಷ್ಟು ಶಾಖ ಸುರಿದರೂ ಗಾತ್ರ ಬೆಳೆಯುತ್ತೆ, ಉಷ್ಣತೆ ಒಂದು ಕೂದಲೆಳೆಯೂ ಏರಲ್ಲ. Cp ಅನಂತ.

ಮೂಡಿಗೆರೆ ಮೋಡ
ಅನಂತ ಅಂತ ಬರೆಯೋದಕ್ಕಿಂತ, ಅಂಥದ್ದೊಂದು ಇಲ್ಲವೇ ಇಲ್ಲ ಅಂತ ಬರೆಯೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. P ಸ್ಥಿರ ಇಟ್ಟು T ಬದಲಾಯಿಸೋಕೇ ಆಗದಿದ್ರೆ ಆ ಅವಕಲನಕ್ಕೆ ಅರ್ಥ ಏನು?

ನಿವೃತ್ತ ಮೇಷ್ಟ್ರು, ಚನ್ನರಾಯಪಟ್ಟಣ
ಕುದಿಯುತ್ತಿರುವ ನೀರಿಗೂ ಅದೇ ಸ್ಥಿತಿ, ಅಲ್ಲಿ ಅನಂತ ಅಂತಲೇ ಬರೀತೀವಿ. ನಾನು ಮೌಲ್ಯಮಾಪನ ಮಾಡುವಾಗ ಅನಂತಕ್ಕೇ ಅಂಕ ಕೊಡುತ್ತಿದ್ದೆ.

ಮೂಡಿಗೆರೆ ಮೋಡ
ನಾನಾಗಿದ್ರೆ ಕಾರಣ ಬರೆದವರಿಗೆ ಮಾತ್ರ ಕೊಡ್ತಿದ್ದೆ.

ಬೈಪಾಸ್ ರೋಡ್
ಇಬ್ಬರೂ ತಡೀರಿ. Cp ಅನಂತ ಆದ್ರೆ Cp/Cv ಕೂಡ ಅನಂತ. ಮತ್ತೆ ಆ 4/3 ಅನ್ನೋ ಗಾಮಾ ಯಾವುದರ ಅನುಪಾತ? ಇದಕ್ಕೆ ಉತ್ತರ ಹೇಳಿ ಆಮೇಲೆ ಅಂಕ ಹಂಚಿ.

ಮೂಡಿಗೆರೆ ಮೋಡ
ಯಾವುದರ ಅನುಪಾತವೂ ಅಲ್ಲ. ಶಾಖ ಧಾರಕತೆಗಳ ಅನುಪಾತವೇ ಗಾಮಾ ಆಗೋದು ಆದರ್ಶ ಅನಿಲದಲ್ಲಿ. ಇಲ್ಲಿ ಅದು PV ಗೆರೆಯ ಘಾತ ಅಷ್ಟೇ, 1 + 1/3.

ಬೈಪಾಸ್ ರೋಡ್
ಅದನ್ನೇ ನಾನು ಮೊದಲಿಂದ ಹೇಳ್ತಿರೋದು, ಇದಕ್ಕೆ ಗ್ಯಾಸ್ ಅಂತ ಕರೀಬೇಡಿ ಅಂತ.

ನಿವೃತ್ತ ಮೇಷ್ಟ್ರು, ಚನ್ನರಾಯಪಟ್ಟಣ
ಮೊದಲಿಂದ ನೀವು ಹೇಳಿದ್ದು ಅದರ ಉಲ್ಟಾ. ಮೇಲೆ ಹೋಗಿ ಓದಿಕೊಳ್ಳಿ.